ಫಾರ್ವರ್ಡ್ ಆಗುವ ಮೇಲ್: ಆಫರ್ ಬಂದ ಮೇಲೆ ಹೆಚ್ಚು ಸಂಬಳ ಕೇಳುವ ಬಗೆ

ಆಫರ್ ಲೆಟರ್ ಕೈಗೆ ಬಂದಿದೆ. ಕೆಲಸ ಹಿಡಿಸಿದೆ, ಟೀಮ್ ಹಿಡಿಸಿದೆ, ಸಂಬಳದ ಅಂಕಿ ಮಾತ್ರ ಕಡಿಮೆಯಾಯಿತು ಅನ್ನಿಸುತ್ತಿದೆ. ಎದುರಿಗೆ ಇಡಲು ಇನ್ನೊಂದು ಕಂಪನಿಯ ಆಫರ್ ಇಲ್ಲ. ಇರುವುದು ಒಂದೇ: ಇಂಥ ಕೆಲಸಕ್ಕೆ ಮಾರುಕಟ್ಟೆಯಲ್ಲಿ ಎಷ್ಟು ಕೊಡುತ್ತಾರೆ ಎಂಬ ಮಾಹಿತಿ. ಹೆಚ್ಚಿನವರು ಇರುವುದು ಈ ಪರಿಸ್ಥಿತಿಯಲ್ಲೇ. ಹಾಗಾಗಿ ಇಲ್ಲಿ ಅದೊಂದನ್ನೇ ತೆಗೆದುಕೊಂಡು, ಬರೆಯಬೇಕಾದ ಮೇಲ್ ಹೇಗಿರಬೇಕು ಎಂದು ನೋಡೋಣ.

ಮೊದಲು ತಿಳಿಯಬೇಕಾದ್ದು, ಆ ಮೇಲ್ ಕೊನೆಗೆ ಯಾರ ಕೈ ಸೇರುತ್ತದೆ ಎಂಬುದು. ನೀವು ಬರೆಯುವುದು ರಿಕ್ರೂಟರ್‌ಗೆ. ಆದರೆ ಹೆಚ್ಚಿನ ಕಂಪನಿಗಳಲ್ಲಿ ಸಂಬಳ ಏರಿಸುವ ಅಧಿಕಾರ ರಿಕ್ರೂಟರ್‌ಗೆ ಇರುವುದಿಲ್ಲ. ಇದ್ದರೂ ತೀರಾ ಸ್ವಲ್ಪ. ಅವರು ನಿಮ್ಮ ಮೇಲನ್ನು ಹೈರಿಂಗ್ ಮ್ಯಾನೇಜರ್‌ಗೆ ಕಳಿಸುತ್ತಾರೆ. ಅಲ್ಲಿಂದ ಅದು ಸಂಬಳದ ರಚನೆ ನೋಡಿಕೊಳ್ಳುವ ತಂಡಕ್ಕೆ ಹೋಗುತ್ತದೆ, ಅಲ್ಲಿಂದ ಸಹಿ ಹಾಕುವವರ ಬಳಿಗೆ. ಈ ಕೊನೆಯ ಇಬ್ಬರು ನಿಮ್ಮನ್ನು ನೋಡಿಲ್ಲ, ನಿಮ್ಮ ಇಂಟರ್‌ವ್ಯೂ ಎಷ್ಟು ಚೆನ್ನಾಗಿತ್ತು ಎಂದು ಅವರಿಗೆ ಗೊತ್ತಿಲ್ಲ. ಅವರ ಮುಂದೆ ಇರುವುದು ನಿಮ್ಮ ನಾಲ್ಕು ಪ್ಯಾರಾ ಮಾತ್ರ. ಆದ್ದರಿಂದ ಈ ಮೇಲ್ ಗೆಲ್ಲಬೇಕಾದ್ದು ಒಂದೇ ಪರೀಕ್ಷೆ: ರಿಕ್ರೂಟರ್ ಒಂದಕ್ಷರ ಬದಲಿಸದೆ, ಮುಜುಗರವಿಲ್ಲದೆ ಅದನ್ನು ಮುಂದಕ್ಕೆ ಕಳಿಸಬಹುದೇ? ಸೌಹಾರ್ದ ಉಳಿಯುವುದೂ ಈ ಪರೀಕ್ಷೆಯಲ್ಲೇ. ನಿಮ್ಮ ಪರವಾಗಿ ಒಳಗೆ ವಾದ ಮಾಡಬೇಕಾದವರಿಗೆ ವಾದವನ್ನು ಸಿದ್ಧ ಮಾಡಿ ಕೊಟ್ಟರೆ ಅವರು ನಿಮ್ಮವರಾಗುತ್ತಾರೆ.

ಸಂಬಳದ ತಂಡ ಏನು ನೋಡುತ್ತದೆ?

ಆ ತಂಡದ ಬಳಿ ಪ್ರತಿ ಹುದ್ದೆಯ ಹಂತಕ್ಕೂ ಒಂದು ಬ್ಯಾಂಡ್ ಇರುತ್ತದೆ: ಕೆಳ ತುದಿ, ನಡುಬಿಂದು, ಮೇಲ್ತುದಿ. ನಡುಬಿಂದುವಿನ 80%ರಿಂದ 120%ರವರೆಗೆ ಬ್ಯಾಂಡ್ ಹರಡುವುದು ಸಾಮಾನ್ಯ ವಿನ್ಯಾಸ. ನಡುಬಿಂದು 90,000 ಎಂದಾದರೆ ಬ್ಯಾಂಡ್ 72,000ದಿಂದ 1,08,000. (ಲೆಕ್ಕ ಎಲ್ಲ ಕಡೆಯೂ ಒಂದೇ ಆದ್ದರಿಂದ ಇಲ್ಲಿ ಯಾವ ದೇಶದ ಹಣವನ್ನೂ ಹೆಸರಿಸುತ್ತಿಲ್ಲ, ಎಲ್ಲವೂ ವರ್ಷದ ಅಂಕಿಗಳು.) ನಿಮಗೆ ಬಂದ ಆಫರ್ 80,000 ಆಗಿದ್ದರೆ, ಅವರ ಕಣ್ಣಿಗೆ ನೀವು ನಡುಬಿಂದುವಿನ 89% ಜಾಗದಲ್ಲಿ ನಿಂತಿದ್ದೀರಿ. ನೀವು 89,000 ಕೇಳಿದರೆ ಅದು 99%.

ಅವರ ಮನಸ್ಸಿನಲ್ಲಿ ಆಗ ಎರಡು ಪ್ರಶ್ನೆ ಏಳುತ್ತವೆ. ಒಂದು, ನಮ್ಮ ನಡುಬಿಂದು ಈಗಿನ ಮಾರುಕಟ್ಟೆಗೆ ಸರಿಯಾಗಿದೆಯೇ? ಎರಡು, ಈ ವ್ಯಕ್ತಿಗೆ ಇಷ್ಟು ಕೊಟ್ಟರೆ ಅದೇ ಹಂತದಲ್ಲಿ ಈಗಾಗಲೇ ಇರುವವರಿಗೆ ಅನ್ಯಾಯವಾಗುತ್ತದೆಯೇ? ಎರಡನೆಯದಕ್ಕೆ ನೀವು ಹೊರಗಿನಿಂದ ಉತ್ತರ ಕೊಡಲಾರಿರಿ. ಮೊದಲನೆಯದಕ್ಕೆ ಕೊಡಬಹುದು. ಕಂಪನಿಗಳು ಹಣ ಕೊಟ್ಟು ತರಿಸಿಕೊಳ್ಳುವ ಸಂಬಳ ಸಮೀಕ್ಷೆಗಳಲ್ಲಿ ಮಾಹಿತಿ ಸಂಗ್ರಹವಾದ ದಿನಕ್ಕೂ ಅದನ್ನು ಬಳಸುವ ದಿನಕ್ಕೂ ಹಲವು ತಿಂಗಳ ಅಂತರ ಇರುತ್ತದೆ. ಬೇಡಿಕೆ ಬೇಗ ಏರುತ್ತಿರುವ ಕೆಲಸಗಳಲ್ಲಿ ಅಷ್ಟರೊಳಗೆ ಅಂಕಿ ಹಳೆಯದಾಗಿರುತ್ತದೆ. ನಿಮ್ಮ ಮಾರುಕಟ್ಟೆ ಆಧಾರ ಒಳಗೆ ಹೋಗುವುದು ಈ ಸಂದಿಯಲ್ಲಿ.

ಆಧಾರ ಕೂಡಿಸುವುದು

ಸಂಬಳ ಕೇಳುವ ಮೇಲ್‌ಗಳು ಹೆಚ್ಚಾಗಿ ಮುಗ್ಗರಿಸುವುದು ಭಾಷೆಯಲ್ಲಿ ಅಲ್ಲ, ಹೋಲಿಕೆಯಲ್ಲಿ. ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಹುದ್ದೆ ಸೀನಿಯರ್ ಡೇಟಾ ಅನಲಿಸ್ಟ್. ಅಭ್ಯರ್ಥಿಗೆ 5 ವರ್ಷದ ಅನುಭವ. ಆಫರ್: ಫಿಕ್ಸೆಡ್ ಸಂಬಳ 80,000, ಅದರ ಮೇಲೆ ಗುರಿ ಮುಟ್ಟಿದರೆ 10% ಬೋನಸ್, ಅಂದರೆ 8,000. ಜಾಯಿನಿಂಗ್ ಬೋನಸ್ ಇಲ್ಲ.

ಅಭ್ಯರ್ಥಿ ಮೊದಲು ಸಂಬಳ ಹಂಚಿಕೊಳ್ಳುವ ಜಾಲತಾಣವೊಂದನ್ನು ತೆರೆಯುತ್ತಾರೆ. ಅಲ್ಲಿ ಇದೇ ಹುದ್ದೆಗೆ 97,000 ಎಂದು ದಪ್ಪ ಅಕ್ಷರದಲ್ಲಿ ಕಾಣುತ್ತದೆ. 97ರಲ್ಲಿ 80 ಕಳೆದರೆ 17,000 ಕೊರತೆ! ಇದೇ ಸಿಟ್ಟಿನಲ್ಲಿ ಮೇಲ್ ಬರೆದರೆ ಕೆಲಸ ಕೆಟ್ಟಿತು. ಆ 97,000 ಒಟ್ಟು ಸಂಬಳ; ಬೋನಸ್ ಮತ್ತು ಷೇರು ಸೇರಿಸಿದ್ದು. ಅದೇ ಪುಟದಲ್ಲಿ ಕೆಳಗೆ ಬಿಡಿಸಿ ನೋಡಿದರೆ ಫಿಕ್ಸೆಡ್ ಭಾಗದ ಮಧ್ಯಾಂಕ, ಅಂದರೆ ಅಂಕಿಗಳನ್ನು ಸಾಲಾಗಿ ನಿಲ್ಲಿಸಿದಾಗ ಮಧ್ಯದಲ್ಲಿ ಬರುವುದು, 88,000. ಫಿಕ್ಸೆಡ್‌ಗೆ ಫಿಕ್ಸೆಡ್ ಹೋಲಿಸಿದರೆ ನಿಜವಾದ ಕೊರತೆ 8,000. ಸಂಬಳದ ತಂಡ ಇಂಥ ತಪ್ಪನ್ನು ಓದಿದ ಕೂಡಲೇ ಹಿಡಿಯುತ್ತದೆ, ಆಮೇಲೆ ನಿಮ್ಮ ಉಳಿದ ಅಂಕಿಗಳನ್ನೂ ನಂಬುವುದಿಲ್ಲ. ಕಣ್ಣಿಗೆ ಬೀಳುವ ಅಂಕಿಯಲ್ಲಿ ಏನೇನು ಸೇರಿದೆ ಎಂದು ನೋಡುವುದು ಮೊದಲ ಕೆಲಸ.

ಎರಡನೆಯದು, ಹುದ್ದೆಯ ಹೆಸರಿಗಿಂತ ಕೆಲಸವನ್ನು ಹೋಲಿಸುವುದು. ಒಂದು ಕಡೆ ‘ಸೀನಿಯರ್’ ಅಂದರೆ 3 ವರ್ಷ, ಇನ್ನೊಂದು ಕಡೆ 8 ವರ್ಷ. ಜಾಹೀರಾತಿನ ತಲೆಬರಹ ಬಿಟ್ಟು ಒಳಗಿನ ಸಾಲುಗಳನ್ನು ಓದಿ: ಎಷ್ಟು ವರ್ಷದ ಅನುಭವ ಕೇಳಿದ್ದಾರೆ, ಬೇರೆಯವರ ಕೆಲಸ ನೋಡಿಕೊಳ್ಳಬೇಕೇ, ಯಾವ ಸಾಧನಗಳು ಬೇಕು, ನಿರ್ಧಾರ ಎಷ್ಟು ನಿಮ್ಮದು. ಹೀಗೆ ಓದಿದಾಗ ನಮ್ಮ ಅಭ್ಯರ್ಥಿ ಕೂಡಿಟ್ಟ 14 ಜಾಹೀರಾತುಗಳಲ್ಲಿ 8 ಬಿದ್ದುಹೋಗುತ್ತವೆ. ಮೂರರಲ್ಲಿ ಟೀಮ್ ನಡೆಸುವ ಹೊಣೆ ಇತ್ತು. ಎರಡು ಬೇರೆ ಊರಿನವು, ಅಲ್ಲಿನ ಸಂಬಳದ ಮಟ್ಟವೇ ಬೇರೆ. ಇನ್ನು ಮೂರು ಒಂದು ವರ್ಷಕ್ಕಿಂತ ಹಳೆಯವು. ಉಳಿದದ್ದು ಆರು. ಆರು ಸಾಕು. ಹೊಂದದ 14 ಜಾಹೀರಾತುಗಳಿಗಿಂತ ಹೊಂದುವ ಆರಕ್ಕೆ ತೂಕ ಹೆಚ್ಚು.

ಜಾಹೀರಾತಿನಲ್ಲಿ ಸಂಬಳದ ವ್ಯಾಪ್ತಿ ಪ್ರಕಟಿಸುವುದು ಕೆಲವು ಕಡೆ ಕಾನೂನಿನ ಕಡ್ಡಾಯ. ಅಮೆರಿಕದ ಕೊಲರಾಡೊದಲ್ಲಿ 2021ರಿಂದ, ನ್ಯೂಯಾರ್ಕ್ ನಗರದಲ್ಲಿ 2022ರ ನವೆಂಬರ್‌ನಿಂದ, ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಇಂಥ ನಿಯಮ ಇದೆ. ಇಂಥ ಕಡೆ ಆಧಾರ ಸುಲಭವಾಗಿ ಸಿಗುತ್ತದೆ. ನಿಯಮ ಇಲ್ಲದ ಕಡೆ ವ್ಯಾಪ್ತಿ ಬರೆದಿರುವ ಜಾಹೀರಾತುಗಳನ್ನು ಹುಡುಕಿ ತೆಗೆಯಬೇಕು, ಅಷ್ಟೇ.

ಆರು ಜಾಹೀರಾತುಗಳ ವ್ಯಾಪ್ತಿ, ಸಾವಿರಗಳಲ್ಲಿ, ಹೀಗಿದೆ: 76–92, 75–95, 78–98, 80–100, 82–102, 84–108. ಇವುಗಳ ನಡುಬಿಂದುಗಳು ಕ್ರಮವಾಗಿ 84, 85, 88, 90, 92, 96. ಸಾಲಾಗಿ ನಿಲ್ಲಿಸಿದಾಗ ಮಧ್ಯದಲ್ಲಿ ಬರುವ ಎರಡು 88 ಮತ್ತು 90. ಅವುಗಳ ನಡುವೆ 89. ಸರಾಸರಿ ತೆಗೆಯದೆ ಮಧ್ಯಾಂಕ ತೆಗೆಯಲು ಕಾರಣ, ಒಂದೇ ಒಂದು ಅತಿ ದೊಡ್ಡ ಸಂಬಳದ ಜಾಹೀರಾತು ಸರಾಸರಿಯನ್ನು ಮೇಲಕ್ಕೆ ಎಳೆಯಬಲ್ಲದು, ಮಧ್ಯಾಂಕವನ್ನು ಅಷ್ಟು ಸುಲಭವಾಗಿ ಎಳೆಯಲಾರದು. ಇನ್ನೂ ಒಂದು ಮಾತು: ಆರೂ ಜಾಹೀರಾತುಗಳ ಮೇಲ್ತುದಿಗಳನ್ನು ಮಾತ್ರ ಆರಿಸಿ ತೋರಿಸುವ ಆಸೆ ಬೇಡ. ಓದುವವರಿಗೆ ಕೆಳ ತುದಿಯೂ ಕಾಣುತ್ತದೆ.

ಇಲ್ಲೇ ಒಂದು ಮಿತಿಯನ್ನೂ ಗಮನಿಸಬೇಕು. ಕಂಪನಿಗಳು ಹೊಸಬರನ್ನು ಸಾಮಾನ್ಯವಾಗಿ ವ್ಯಾಪ್ತಿಯ ಕೆಳಗಿನ ಅರ್ಧದಿಂದ ನಡುಬಿಂದುವಿನವರೆಗೆ ತೆಗೆದುಕೊಳ್ಳುತ್ತವೆ. ಮೇಲಿನ ಅರ್ಧವನ್ನು ಮುಂದಿನ ವರ್ಷಗಳ ಏರಿಕೆಗೆ ಉಳಿಸಿಕೊಳ್ಳುತ್ತವೆ. ಆದ್ದರಿಂದ ನಡುಬಿಂದುವನ್ನು ಕೇಳುವುದು ನ್ಯಾಯವಾದ ಕೋರಿಕೆ, ಆದರೆ ಅದು ಪೂರ್ತಿ ಸಿಕ್ಕೇ ಸಿಗುತ್ತದೆ ಎಂದುಕೊಳ್ಳುವಂತಿಲ್ಲ. ನಮ್ಮ ಅಭ್ಯರ್ಥಿ ಮೇಲ್ ಬರೆಯುವ ಮೊದಲೇ ಮೂರು ಅಂಕಿಗಳನ್ನು ತಮ್ಮ ಕಾಗದದಲ್ಲಿ ಬರೆದುಕೊಳ್ಳುತ್ತಾರೆ: ಕೇಳುವುದು 89,000, ಸಿಕ್ಕರೆ ತೃಪ್ತಿ 86,000, ಇದಕ್ಕಿಂತ ಕೆಳಗಾದರೆ ಬೇರೆ ರೂಪದಲ್ಲಿ ತುಂಬಿಕೊಡಿ ಎಂದು ಕೇಳುವ ಅಂಕಿ 83,000. ಮೇಲ್‌ನಲ್ಲಿ ಹೋಗುವುದು ಮೊದಲನೆಯದು ಮಾತ್ರ.

ಒಂದೇ ಅಂಕಿ ಏಕೆ? 86ರಿಂದ 89 ಅಂತ ಬರೆದರೆ ಓದುವವರ ಕಣ್ಣು 86ರ ಮೇಲೆ ನಿಲ್ಲುತ್ತದೆ. ವ್ಯಾಪ್ತಿ ಹೇಳಲೇಬೇಕು ಎಂದಾದರೆ ನಿಮಗೆ ಬೇಕಾದ ಅಂಕಿ ಅದರ ಕೆಳ ತುದಿಯಲ್ಲಿರಬೇಕು, 89ರಿಂದ 93 ಎಂಬಂತೆ. ಕೊಲಂಬಿಯಾ ವಿಶ್ವವಿದ್ಯಾಲಯದ ಡೇನಿಯಲ್ ಏಮ್ಸ್ ಮತ್ತು ಮಾಲಿಯಾ ಮೇಸನ್ 2015ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲಸಕ್ಕೆ ಬಂದದ್ದು ಈ ಬಗೆಯ ವ್ಯಾಪ್ತಿ. ಆದರೂ ಮೇಲ್‌ನಲ್ಲಿ ಒಂದೇ ಅಂಕಿ ಇರುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ, ಏಕೆಂದರೆ ಒಪ್ಪಿಗೆ ಕೊಡುವವರು ಕೊನೆಗೆ ತುಂಬಬೇಕಾದ್ದು ಒಂದೇ ಅಂಕಿಯನ್ನು. ಇನ್ನು 90,000 ಬಿಟ್ಟು 89,000 ಕೇಳಿದ್ದೂ ಸುಮ್ಮನೆ ಅಲ್ಲ. ಮೇಸನ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ತೋರಿಸಿದಂತೆ, ದುಂಡು ಅಂಕಿಗಿಂತ ನಿಖರ ಅಂಕಿ ಹೇಳಿದವರು ವಿಷಯ ತಿಳಿದವರಂತೆ ಕಾಣುತ್ತಾರೆ. ಆದರೆ ಆ ನಿಖರತೆ ಲೆಕ್ಕದಿಂದ ಹುಟ್ಟಿರಬೇಕು. ಸುಮ್ಮನೆ 89,137 ಎಂದು ಬರೆದು, ‘ಇದು ಹೇಗೆ ಬಂತು?’ ಎಂದು ಕೇಳಿದಾಗ ತಡವರಿಸಿದರೆ ಇದ್ದ ನಂಬಿಕೆಯೂ ಹೋಗುತ್ತದೆ.

ಮೇಲ್

ಆಫರ್ ಬರಹದಲ್ಲಿ ಬಂದ ಮೇಲೆ, ಉತ್ತರಿಸಲು ಕೊಟ್ಟ ಗಡುವು ಮುಗಿಯಲು ಎರಡು ಮೂರು ಕೆಲಸದ ದಿನ ಇರುವಾಗಲೇ ಕಳಿಸಿ. ಗಡುವಿನ ಕೊನೆಯ ಸಂಜೆ ಕಳಿಸಿದರೆ ಒಳಗೆ ಮೂರು ಕೈ ದಾಟಲು ಅದಕ್ಕೆ ಸಮಯ ಇರುವುದಿಲ್ಲ. ಆಗ ಸುಲಭವಾದ ಉತ್ತರ ‘ಇಲ್ಲ’.

> ವಿಷಯ: ಸೀನಿಯರ್ ಡೇಟಾ ಅನಲಿಸ್ಟ್ ಆಫರ್ – ಫಿಕ್ಸೆಡ್ ಸಂಬಳದ ಬಗ್ಗೆ ಒಂದು ವಿನಂತಿ
>
> ನಮಸ್ಕಾರ ಮೇಡಂ,
>
> ಆಫರ್ ಲೆಟರ್ ತಲುಪಿತು, ಧನ್ಯವಾದಗಳು. ಎರಡನೇ ಸುತ್ತಿನಲ್ಲಿ ಬೆಲೆ ನಿಗದಿಯ ಡ್ಯಾಶ್‌ಬೋರ್ಡ್ ಬಗ್ಗೆ ನಡೆದ ಮಾತುಕತೆಯ ನಂತರ ಈ ಟೀಮ್ ಸೇರುವ ಆಸೆ ಇನ್ನೂ ಹೆಚ್ಚಾಗಿದೆ. ಸೇರುವ ದಿನಾಂಕ, ಬೋನಸ್ ಮತ್ತು ಉಳಿದ ಷರತ್ತುಗಳು ನನಗೆ ಸರಿಯಾಗಿವೆ.
>
> ಫಿಕ್ಸೆಡ್ ಸಂಬಳದ ಬಗ್ಗೆ ಮಾತ್ರ ಒಂದು ವಿಷಯ ಕೇಳಬೇಕಿತ್ತು. ಆಫರ್‌ನಲ್ಲಿ ಅದು 80,000 ಇದೆ. ಇದನ್ನು 89,000ಕ್ಕೆ ಏರಿಸಲು ಸಾಧ್ಯವಾಗಬಹುದೇ?
>
> ಈ ಅಂಕಿಗೆ ನಾನು ನೋಡಿದ ಆಧಾರ:
>
> 1. ಕಳೆದ 60 ದಿನಗಳಲ್ಲಿ ಇದೇ ಊರಿನಲ್ಲಿ, ಇದೇ ಬಗೆಯ ಕೆಲಸಕ್ಕೆ, 4–6 ವರ್ಷದ ಅನುಭವ ಕೇಳಿ ಬಂದ 6 ಜಾಹೀರಾತುಗಳು. ಅವುಗಳ ಸಂಬಳ ವ್ಯಾಪ್ತಿಯ ನಡುಬಿಂದುಗಳು 84,000ದಿಂದ 96,000, ಮಧ್ಯಾಂಕ 89,000.
>
> 2. ಸಂಬಳ ಹಂಚಿಕೊಳ್ಳುವ ಜಾಲತಾಣದಲ್ಲಿ ಇದೇ ಊರಿನ, ಇದೇ ಹಂತದ 41 ದಾಖಲೆಗಳು. ಫಿಕ್ಸೆಡ್ ಸಂಬಳದ ಮಧ್ಯಾಂಕ 88,000.
>
> ಎರಡರಲ್ಲೂ ಬೋನಸ್ ಸೇರಿಲ್ಲ. ನನ್ನ 5 ವರ್ಷದ ಅನುಭವ ಈ ಜಾಹೀರಾತುಗಳು ಕೇಳುವ ಮಿತಿಯ ನಡುವೆ ಬರುವುದರಿಂದ ನಡುವಿನ ಅಂಕಿಯನ್ನೇ ಕೇಳುತ್ತಿದ್ದೇನೆ. ನಿಮ್ಮಲ್ಲಿನ ಹಂತಗಳ ವಿವರ ನನಗೆ ಪೂರ್ತಿ ತಿಳಿಯದು. ನನ್ನ ಹೋಲಿಕೆ ಎಲ್ಲಾದರೂ ತಪ್ಪಿದ್ದರೆ ದಯವಿಟ್ಟು ತಿಳಿಸಿ. ಜಾಹೀರಾತುಗಳ ಪಟ್ಟಿ ಬೇಕಿದ್ದರೆ ಕಳಿಸುತ್ತೇನೆ.
>
> 89,000 ಸಾಧ್ಯವಾದರೆ ಪರಿಷ್ಕೃತ ಲೆಟರ್ ಬಂದ ದಿನವೇ ಸಹಿ ಮಾಡಿ ಕಳಿಸುತ್ತೇನೆ. ಇದು ಕೇವಲ ವಿಚಾರಣೆ. ಈಗಿನ ಆಫರ್ ಇನ್ನೂ ನನ್ನ ಪರಿಶೀಲನೆಯಲ್ಲಿದೆ. ಫೋನಿನಲ್ಲಿ ಮಾತನಾಡುವುದು ಸುಲಭ ಎನ್ನಿಸಿದರೆ ನಾಳೆ ಯಾವಾಗ ಬೇಕಾದರೂ ಸಿಗುತ್ತೇನೆ.
>
> ವಂದನೆಗಳೊಂದಿಗೆ,

ಈ ಮೇಲ್‌ನಲ್ಲಿ ಯಾವ ಸಾಲು ಯಾರಿಗಾಗಿ ಇದೆ ಎಂದು ನೋಡಿ. ಡ್ಯಾಶ್‌ಬೋರ್ಡ್‌ನ ಮಾತು ಹೈರಿಂಗ್ ಮ್ಯಾನೇಜರ್‌ಗೆ. ‘ನನಗೆ ತುಂಬಾ ಸಂತೋಷವಾಯಿತು’ ಎಂದು ಯಾರು ಬೇಕಾದರೂ ಬರೆಯಬಹುದು. ನಿರ್ದಿಷ್ಟವಾದ ಒಂದು ಚರ್ಚೆಯನ್ನು ನೆನೆದವರಿಗೆ ಕೆಲಸದ ಮೇಲೆ ನಿಜವಾಗಿ ಮನಸ್ಸಿದೆ ಎಂದು ಅದು ನಂಬಿಸುತ್ತದೆ. ‘ಉಳಿದ ಷರತ್ತುಗಳು ಸರಿಯಾಗಿವೆ’ ಎಂಬುದು ರಿಕ್ರೂಟರ್‌ಗೆ. ಅವರ ದೊಡ್ಡ ಆತಂಕ, ಇದನ್ನು ಕೊಡಿಸಿದ ಮೇಲೆ ಇನ್ನೊಂದು ಬೇಡಿಕೆ ಬಂದರೆ ಎಂಬುದು. ಆ ಆತಂಕವನ್ನು ಈ ಸಾಲು ಮುಚ್ಚುತ್ತದೆ. ಹಾಗಾಗಿ ರಜೆ, ಮನೆಯಿಂದ ಕೆಲಸ, ಸೇರುವ ದಿನಾಂಕ ಇತ್ಯಾದಿ ಯಾವುದಾದರೂ ಕೇಳಬೇಕಿದ್ದರೆ ಇದೇ ಮೇಲ್‌ನಲ್ಲಿ ಕೇಳಬೇಕು. ಒಂದಾದ ಮೇಲೊಂದು ಮೇಲ್ ಬಂದರೆ ಒಳಗಿನ ಒಪ್ಪಿಗೆಯ ಓಟವನ್ನು ಪ್ರತಿ ಸಲವೂ ಮೊದಲಿನಿಂದ ಓಡಬೇಕು, ಮತ್ತು ಸಹನೆ ಮುರಿಯುವುದು ಅಲ್ಲೇ.

ಎರಡು ಅಂಶಗಳ ಆಧಾರ ಸಂಬಳದ ತಂಡಕ್ಕೆ. ಪ್ರತಿಯೊಂದರಲ್ಲೂ ಎಣಿಕೆ, ಅವಧಿ, ಊರು, ಹಂತ ಇದೆ. ಅವರು ಬೇಕೆಂದರೆ ತಾವೇ ತಾಳೆ ನೋಡಬಹುದು. ‘ಎರಡರಲ್ಲೂ ಬೋನಸ್ ಸೇರಿಲ್ಲ’ ಎಂಬ ಚಿಕ್ಕ ವಾಕ್ಯ, ಈ ಅಭ್ಯರ್ಥಿ ಫಿಕ್ಸೆಡ್‌ಗೂ ಒಟ್ಟು ಸಂಬಳಕ್ಕೂ ಇರುವ ವ್ಯತ್ಯಾಸ ಬಲ್ಲವರು ಎಂದು ಹೇಳಿಬಿಡುತ್ತದೆ. ಸ್ಕ್ರೀನ್‌ಶಾಟ್‌ಗಳ ಕಂತೆಯನ್ನು ಲಗತ್ತಿಸಿಲ್ಲ. ಪಟ್ಟಿ ಕೇಳಿದರೆ ಕೊಡುತ್ತೇನೆ ಎಂದಷ್ಟೇ ಇದೆ. ಹತ್ತು ಲಗತ್ತು ಬಂದ ಮೇಲ್ ಮೊಕದ್ದಮೆಯ ಕಡತದಂತೆ ಕಾಣುತ್ತದೆ.

‘ಹೋಲಿಕೆ ತಪ್ಪಿದ್ದರೆ ತಿಳಿಸಿ’ ಎಂಬುದು ಸೌಜನ್ಯ ಮಾತ್ರ ಅಲ್ಲ, ಅದರಿಂದ ಉಪಯೋಗವೂ ಇದೆ. ‘ನಿಮ್ಮ ಆಫರ್ ಮಾರುಕಟ್ಟೆಗಿಂತ ಕಡಿಮೆ’ ಎಂದು ಬರೆದರೆ ಕಂಪನಿಯನ್ನು ತಪ್ಪಿತಸ್ಥ ಸ್ಥಾನದಲ್ಲಿ ನಿಲ್ಲಿಸಿದಂತೆ. ಅವರಿಗೆ ಉಳಿಯುವುದು ತಪ್ಪೊಪ್ಪಿಕೊಳ್ಳುವುದು ಅಥವಾ ಎದುರು ವಾದಿಸುವುದು. ‘ನಾನು ನೋಡಿದ ಆಧಾರ ಇದು’ ಎಂದರೆ ಅವರು ಮುಖ ಕೆಡಿಸಿಕೊಳ್ಳದೆ ಅಂಕಿ ಬದಲಿಸಬಹುದು. ಇಲ್ಲವೆನ್ನುವುದಾದರೂ ಕಾರಣ ಹೇಳಬೇಕಾಗುತ್ತದೆ, ಆ ಕಾರಣವೇ ನಿಮ್ಮ ಮುಂದಿನ ಪ್ರಶ್ನೆಗೆ ದಾರಿ.

ಮೇಲ್‌ನಲ್ಲಿ ಇಲ್ಲದ್ದನ್ನೂ ಗಮನಿಸಿ. ಮನೆ ಸಾಲದ ಕಂತು, ಮಕ್ಕಳ ಶಾಲೆಯ ಖರ್ಚು, ಬಾಡಿಗೆ ಇಲ್ಲಿ ಇಲ್ಲ. ನಿಮ್ಮ ಮಟ್ಟಿಗೆ ಅವು ನಿಜವಾದ ಕಾರಣಗಳೇ. ಆದರೆ ಸಂಬಳದ ತಂಡ ಬೆಲೆ ಕಟ್ಟುವುದು ಹುದ್ದೆಗೆ. ನಿಮ್ಮ ಖರ್ಚನ್ನು ತುಂಬಲು ಅವರ ಲೆಕ್ಕದ ಹಾಳೆಯಲ್ಲಿ ಕಾಲಮ್ಮೇ ಇಲ್ಲ. ಈಗಿನ ಸಂಬಳವೂ ಇಲ್ಲ, ಏಕೆಂದರೆ ಅದನ್ನು ಹೇಳಿದ ಕೂಡಲೇ ಮಾತು ಮಾರುಕಟ್ಟೆಯಿಂದ ‘ಈಗಿನದರ ಮೇಲೆ ಎಷ್ಟು ಶೇಕಡ’ ಎಂಬ ಕಡೆಗೆ ತಿರುಗುತ್ತದೆ. ಮುಖ್ಯವಾಗಿ, ಇಲ್ಲದ ಇನ್ನೊಂದು ಆಫರ್‌ನ ಪ್ರಸ್ತಾಪ ಇಲ್ಲ. ‘ಆ ಲೆಟರ್ ತೋರಿಸಿ’ ಎಂಬ ಒಂದೇ ವಾಕ್ಯಕ್ಕೆ ಆ ಸುಳ್ಳು ಕುಸಿಯುತ್ತದೆ. ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ಕೊಟ್ಟ ಆಫರ್ ಹಿಂದಕ್ಕೆ ಹೋದರೆ ಯಾರನ್ನೂ ದೂರುವಂತಿಲ್ಲ.

‘ಇದು ಕೇವಲ ವಿಚಾರಣೆ’ ಎಂಬ ಸಾಲು

ಇದನ್ನು ಓದಿ, ಕೇಳುವ ಕೈ ಹೀಗೆ ಸಡಿಲವಾಗಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. ಇದರ ಹಿಂದೆ ಒಪ್ಪಂದ ಕಾನೂನಿನ ಹಳೆಯ ತತ್ತ್ವವೊಂದಿದೆ. ಇಂಗ್ಲೆಂಡಿನಲ್ಲಿ 1840ರಲ್ಲಿ ತೀರ್ಮಾನವಾದ ಹೈಡ್ ವಿರುದ್ಧ ರೆಂಚ್ ಮೊಕದ್ದಮೆಯಲ್ಲಿ ರೆಂಚ್ ತಮ್ಮ ಜಮೀನನ್ನು 1,000 ಪೌಂಡಿಗೆ ಕೊಡುತ್ತೇನೆ ಎಂದರು. ಹೈಡ್ 950ಕ್ಕೆ ಕೇಳಿದರು. ರೆಂಚ್ ಒಪ್ಪಲಿಲ್ಲ. ಆಗ ಹೈಡ್, ಸರಿ, 1,000ಕ್ಕೇ ಕೊಳ್ಳುತ್ತೇನೆ ಎಂದರು. ನ್ಯಾಯಾಲಯ ಹೇಳಿದ್ದು: 950ರ ಪ್ರತಿ-ಪ್ರಸ್ತಾಪದೊಂದಿಗೆ 1,000ದ ಮೂಲ ಪ್ರಸ್ತಾಪ ಸತ್ತುಹೋಯಿತು, ಅದನ್ನು ಒಪ್ಪುವ ಹಕ್ಕು ಹೈಡ್‌ಗೆ ಉಳಿಯಲಿಲ್ಲ. ಮುಂದೆ 1880ರ ಸ್ಟೀವನ್‌ಸನ್ ವಿರುದ್ಧ ಮೆಕ್‌ಲೀನ್ ಪ್ರಕರಣದಲ್ಲಿ ಕಬ್ಬಿಣ ಕೊಳ್ಳುವವರು, ಸರಕನ್ನು ಎರಡು ತಿಂಗಳಲ್ಲಿ ಹಂಚಿಕೊಂಡು ತೆಗೆದುಕೊಳ್ಳಬಹುದೇ ಎಂದು ಕೇಳಿದ್ದರು. ಅದು ಬರೀ ವಿಚಾರಣೆ, ಮೂಲ ಪ್ರಸ್ತಾಪ ಜೀವಂತವಾಗಿದೆ ಎಂದು ತೀರ್ಪು ಬಂತು.

ಇಂಗ್ಲಿಷ್ ಕಾನೂನಿನ ಜಾಡಿನಲ್ಲಿರುವ ದೇಶಗಳಲ್ಲಿ ಈ ವ್ಯತ್ಯಾಸಕ್ಕೆ ಈಗಲೂ ಅರ್ಥವಿದೆ. ‘89,000 ಕೊಟ್ಟರೆ ಮಾತ್ರ ಸೇರುತ್ತೇನೆ’ ಎಂಬುದು ಪ್ರತಿ-ಪ್ರಸ್ತಾಪ. ‘89,000ಕ್ಕೆ ಏರಿಸಲು ಸಾಧ್ಯವಾಗಬಹುದೇ?’ ಎಂಬುದು ವಿಚಾರಣೆ. ಕೆಲಸದ ಆಫರ್‌ಗಳಲ್ಲಿ ಇದು ನ್ಯಾಯಾಲಯದವರೆಗೆ ಹೋಗುವುದು ಅಪರೂಪ, ಮತ್ತು ಒಪ್ಪುವ ಮೊದಲು ಆಫರನ್ನು ಹಿಂತೆಗೆದುಕೊಳ್ಳಲು ಕಂಪನಿಗೆ ಸಾಮಾನ್ಯವಾಗಿ ಸ್ವಾತಂತ್ರ್ಯ ಇದ್ದೇ ಇರುತ್ತದೆ. ಹಾಗಿದ್ದರೂ ಪ್ರಶ್ನೆಯ ರೂಪದಲ್ಲಿ ಕೇಳಿದರೆ ಬಾಗಿಲು ನೀವಾಗಿಯೇ ಮುಚ್ಚಿದಂತಾಗುವುದಿಲ್ಲ. ಓದುವವರಿಗೂ ಅದರಲ್ಲಿ ಬೆದರಿಕೆ ಕೇಳಿಸುವುದಿಲ್ಲ. ಕಾನೂನಿಗೆ ಸರಿಹೊಂದುವ ಮಾತೇ ಇಲ್ಲಿ ಸಂಬಂಧಕ್ಕೂ ಸರಿಹೊಂದುತ್ತದೆ.

ಉತ್ತರ ಬಂದಾಗ

ಪೂರ್ತಿ ಒಪ್ಪಿಗೆ ಬಂದರೆ ಹೇಳುವುದೇನಿಲ್ಲ, ಕೊಟ್ಟ ಮಾತಿನಂತೆ ಅದೇ ದಿನ ಸಹಿ ಮಾಡಿ. ‘85,000ದವರೆಗೆ ಬರಬಹುದು’ ಎಂದರೆ ಇನ್ನೊಂದೇ ಸುತ್ತು ಕೇಳಬಹುದು: ‘86,000ಕ್ಕೆ ಮುಗಿಸಲು ಸಾಧ್ಯವೇ? ಹಾಗಾದರೆ ಈಗಲೇ ಒಪ್ಪಿಗೆ ಕಳಿಸುತ್ತೇನೆ.’ ಅದಕ್ಕಿಂತ ಮುಂದೆ ಎಳೆಯುವುದು ಬೇಡ.

ಹೆಚ್ಚು ಬರುವ ಉತ್ತರ ಮೂರನೆಯದು: ‘ನಿಮ್ಮ ಆಧಾರ ಸರಿ ಇದೆ, ಆದರೆ ಈ ಹಂತದಲ್ಲಿರುವವರ ಸಂಬಳ ನೋಡಿದರೆ 80ರ ಮೇಲೆ ಹೋಗಲು ಆಗುವುದಿಲ್ಲ.’ ಇದು ಮೊದಲು ಹೇಳಿದ ಎರಡನೇ ಪ್ರಶ್ನೆ, ಒಳಗಿನವರೊಂದಿಗಿನ ಸಮತೋಲನ. ಇಲ್ಲಿ ಇನ್ನೂ ನಾಲ್ಕು ಜಾಹೀರಾತು ಕಳಿಸಿ ಪ್ರಯೋಜನವಿಲ್ಲ, ಅಡ್ಡಿ ಇರುವುದು ಮಾರುಕಟ್ಟೆಯಲ್ಲಿ ಅಲ್ಲ. ಆಗ ಬ್ಯಾಂಡ್‌ನ ಹೊರಗೆ ಇರುವುದನ್ನು ಕೇಳಬೇಕು. ಅಂಥದ್ದರಲ್ಲಿ ಜಾಯಿನಿಂಗ್ ಬೋನಸ್ ಮುಖ್ಯ. ಅದು ಒಂದೇ ಸಲ ಕೊಡುವ ಹಣ, ಪಕ್ಕದ ಮೇಜಿನವರ ಸಂಬಳದೊಂದಿಗೆ ಪ್ರತಿ ವರ್ಷ ಹೋಲಿಕೆಗೆ ಬರುವುದಿಲ್ಲ. ಹಾಗಾಗಿ ಫಿಕ್ಸೆಡ್‌ನಲ್ಲಿ ಆಗದ್ದು ಇಲ್ಲಿ ಆಗುವುದುಂಟು.

ಆದರೆ ಎರಡೂ ಒಂದೇ ಅಂತ ಲೆಕ್ಕ ಹಾಕಬೇಡಿ. ಫಿಕ್ಸೆಡ್‌ನಲ್ಲಿ 6,000 ಏರಿಕೆ, ವರ್ಷಕ್ಕೆ 5% ಇಂಕ್ರಿಮೆಂಟ್ ಎಂದುಕೊಂಡರೆ, ಮೂರು ವರ್ಷಕ್ಕೆ 6,000, 6,300, 6,615, ಒಟ್ಟು 18,915. ಅದರ ಮೇಲೆ 10% ಬೋನಸ್ ಸೇರಿದರೆ ಸುಮಾರು 20,800. ಅದೇ 6,000 ಜಾಯಿನಿಂಗ್ ಬೋನಸ್ ಆದರೆ ಮೂರು ವರ್ಷಕ್ಕೂ 6,000 ಮಾತ್ರ. ಆದ್ದರಿಂದ ಫಿಕ್ಸೆಡ್ ಬಿಟ್ಟುಕೊಟ್ಟು ಬೋನಸ್ ಕೇಳುವಾಗ ಕೊರತೆಯ ಒಂದು ವರ್ಷದ ಮೊತ್ತಕ್ಕೆ ನಿಲ್ಲದೆ ಅದರ ಒಂದೂವರೆ ಎರಡು ಪಟ್ಟು, ಅಂದರೆ 9,000ದಿಂದ 12,000ದವರೆಗೆ, ಕೇಳುವುದು ಅತಿಯಾಸೆಯಲ್ಲ. ಒಂದು ವರ್ಷದೊಳಗೆ ಬಿಟ್ಟರೆ ಹಣ ವಾಪಸ್ ಕೊಡಬೇಕೆಂಬ ಷರತ್ತು ಹೆಚ್ಚಾಗಿ ಇದರ ಜೊತೆ ಬರುತ್ತದೆ. ಪೂರ್ತಿ ವಾಪಸ್ಸೇ, ಉಳಿದ ತಿಂಗಳುಗಳ ಪಾಲು ಮಾತ್ರವೇ, ಕಂಪನಿಯೇ ಕೆಲಸದಿಂದ ತೆಗೆದರೂ ಕೊಡಬೇಕೇ ಎಂದು ಓದಿ ನೋಡಿ.

‘ಆರು ತಿಂಗಳಾದ ಮೇಲೆ ನೋಡೋಣ’ ಎಂಬ ಮಾತೂ ಬರಬಹುದು. ದಿನಾಂಕ, ಯಾವ ಗುರಿ ಮುಟ್ಟಿದರೆ ಎಷ್ಟು ಎಂಬ ಅಂಕಿ, ಇವೆರಡೂ ಆಫರ್ ಲೆಟರ್‌ನಲ್ಲಿ ಬಂದರೆ ಅದಕ್ಕೆ ಬೆಲೆ. ಬಾಯಿಮಾತಾಗಿ ಉಳಿದರೆ, ಹಾಗೆ ಹೇಳಿದ ಮ್ಯಾನೇಜರ್ ಆರು ತಿಂಗಳ ಹೊತ್ತಿಗೆ ಬೇರೆ ಟೀಮ್‌ನಲ್ಲಿರಬಹುದು.

ಮಾರುಕಟ್ಟೆ ಆಧಾರ ಕೆಲಸ ಮಾಡದ ಜಾಗಗಳೂ ಇವೆ. ಸರ್ಕಾರಿ ವೇತನ ಶ್ರೇಣಿ, ಯೂನಿಯನ್ ಒಪ್ಪಂದದ ಸಂಬಳ, ಒಂದೇ ತಂಡವಾಗಿ ತೆಗೆದುಕೊಳ್ಳುವ ಹೊಸ ಪದವೀಧರರ ಆಫರ್, ಇವು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದಿಲ್ಲ. ಆಫರ್ ಲೆಟರ್‌ನಲ್ಲಿ ಶ್ರೇಣಿಯ ಹೆಸರು, ಹಂತದ ಸಂಖ್ಯೆ ಇದ್ದರೆ ಇದು ಗೊತ್ತಾಗುತ್ತದೆ. ಅಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ‘ನನ್ನ ಅನುಭವದ ವರ್ಷಗಳನ್ನು ಪೂರ್ತಿ ಎಣಿಸಿ ಸರಿಯಾದ ಹಂತದಲ್ಲಿ ಇರಿಸಿದ್ದೀರಾ?’ ಇನ್ನು ಆಧಾರ ಕೂಡಿಸಿದ ಮೇಲೆ ಆಫರ್ ಮಧ್ಯಾಂಕದ ಆಸುಪಾಸಿನಲ್ಲೇ ಇದೆ ಎಂದು ಕಂಡರೆ ಈ ಮೇಲ್ ಕಳಿಸುವುದೇ ಬೇಡ. ಇಲ್ಲದ ಕೊರತೆಯನ್ನು ತೋರಿಸಲು ಹೊರಟರೆ ಅಂಕಿಗಳನ್ನು ತಿರುಚಬೇಕಾಗುತ್ತದೆ.

ಮಾತು ಮುಗಿದು ಫೋನಿನಲ್ಲಿ 86,000 ಎಂದು ಒಪ್ಪಿಕೊಂಡರೆಂದು ಇಟ್ಟುಕೊಳ್ಳಿ. ಅದೇ ಗಂಟೆ ಎರಡು ಸಾಲಿನ ಮೇಲ್ ಬರೆಯಿರಿ: ‘ಈಗ ಮಾತಾಡಿದಂತೆ ಫಿಕ್ಸೆಡ್ 86,000, ಉಳಿದದ್ದು ಮೊದಲಿನಂತೆ. ಇದಕ್ಕಾಗಿ ಒಳಗೆ ಓಡಾಡಿದ್ದಕ್ಕೆ ಧನ್ಯವಾದಗಳು. ಪರಿಷ್ಕೃತ ಲೆಟರ್‌ಗೆ ಕಾಯುತ್ತಿರುತ್ತೇನೆ.’ ಲೆಟರ್ ಬಂದಾಗ ಫಿಕ್ಸೆಡ್ ಅಂಕಿ ಬದಲಾಗಿದೆಯೇ, 10% ಬೋನಸ್ ಹೊಸ ಅಂಕಿಯ ಮೇಲೆ ಅಂದರೆ 8,600 ಆಗಿದೆಯೇ, ಸೇರುವ ದಿನಾಂಕ ಹಾಗೇ ಇದೆಯೇ ಎಂದು ನೋಡಿ. ಹಳೆಯ ಲೆಟರ್‌ನ ಪ್ರತಿಯನ್ನೇ ತಿದ್ದುವುದರಿಂದ ಒಂದು ಕಡೆ ಬದಲಾಗಿ ಇನ್ನೊಂದು ಕಡೆ 80,000 ಉಳಿದುಬಿಡುವುದು ಸಾಮಾನ್ಯ ತಪ್ಪು. ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುವುದು ಆ ಪರಿಷ್ಕೃತ ಲೆಟರ್‌ಗೆ ಎರಡೂ ಕಡೆಯ ಸಹಿ ಬಿದ್ದ ಮೇಲೆ.